ಹೊಳವಿನ ಬಿಸಿಲಿಗೆ ಸುಟ್ಟ ಬೆನ್ನು

ಅಳ್ನಾವರದ ಸುತ್ತ ಕೂರಿಗೆಯಲ್ಲಿ ಬಿತ್ತಿದ ಭತ್ತದ ಕಳೆ ತೆಗೆಯಲು ಮಳೆ ಹೊಳವಾಗಬೇಕು. ಅಂಥ ದಿನ ತಂಪುಗಾಳಿ ಬೀಸುತ್ತಿರುತ್ತದೆ, ತೆಳುಮೋಡ ಕವಿದಿರುತ್ತದೆ. ಬಿಸಿಲಿನ ನೆನಪೇ ಆಗುವುದಿಲ್ಲ. ಆದರೆ ಚರ್ಮವನ್ನು ಸುಡುವುದು ಬಿಸಿಲಿನ ಕಾವಲ್ಲ, ಅದರೊಳಗಿನ ನೇರಳಾತೀತ ಕಿರಣ. ತೆಳುಮೋಡ ಅದನ್ನು ಪೂರ್ತಿ ತಡೆಯದು. ಬಗ್ಗಿ ಕಳೆ ಕಿತ್ತವಳ ಕತ್ತಿನ ಹಿಂಭಾಗ, ಕುಪ್ಪಸದ ಕೆಳಗಿನ ಬೆನ್ನು ಅದಕ್ಕೆ ದಿನವಿಡೀ ಒಡ್ಡಿಕೊಂಡಿರುತ್ತವೆ. ರಾತ್ರಿ ಹೊತ್ತಿಗೆ, “ಅತ್ತಿ, ಬೆನ್ನ ಉರ್ಯಾಕ ಹತ್ತೇತಿ ನೋಡ್ರಿ.”

ಅತ್ತೆ ನೋಡಿದರೆ ಏನೂ ಕಾಣದಿರಬಹುದು. ನಮ್ಮ ಕಂದು ಚರ್ಮದಲ್ಲಿ ಕೆಂಪು ಸುಲಭಕ್ಕೆ ತೋರುವುದಿಲ್ಲ. ಕೈಯ ಹಿಂಬದಿ ಇಟ್ಟು ನೋಡಬೇಕು: ಅಕ್ಕಪಕ್ಕಕ್ಕಿಂತ ಬಿಸಿ, ಬಿಗಿತ, ಮುಟ್ಟಿದರೆ ನೋವು. ಮರುದಿನ ಉರಿ ಇನ್ನೂ ಹೆಚ್ಚುತ್ತದೆ. ಮದ್ದು ತಪ್ಪಿತೆಂದು ಗಾಬರಿಯಾಗಬೇಕಿಲ್ಲ.

ಮೊದಲ ಮದ್ದು ಕೊಡದ ತಣ್ಣೀರು. ಹಳೆಯ ಧೋತರದ ತುಂಡನ್ನು ಅದ್ದಿ ಹಿಂಡಿ ಹತ್ತು–ಹದಿನೈದು ನಿಮಿಷ ಹಾಕಿ, ದಿನಕ್ಕೆ ಹಲವು ಸಲ. ಮಂಜುಗಡ್ಡೆ ಬೇಡ, ಸುಟ್ಟ ಚರ್ಮಕ್ಕೆ ಅದು ಇನ್ನೊಂದು ಪೆಟ್ಟು. ಬಳಿಕ ಒರೆಸದೆ, ಬಟ್ಟೆಯಿಂದ ಒತ್ತಿ, ಪಸೆ ಇರುವಾಗಲೇ ಸುವಾಸನೆಯಿಲ್ಲದ ಮಾಯಿಶ್ಚರೈಸರ್ ಅಥವಾ ಲೋಳಸರದ ತಿರುಳು ಹಚ್ಚಿ. ಲೋಳಸರ ಕೊಯ್ದಾಗ ಸೋರುವ ಹಳದಿ ರಸ ತುರಿಕೆ ತರುತ್ತದೆ. ಅದನ್ನು ಸೋರಲು ಬಿಟ್ಟು, ತೊಳೆದು, ತಿಳಿ ತಿರುಳನ್ನಷ್ಟೇ ಬಳಸಿ. ತುಪ್ಪ, ಎಣ್ಣೆ ಆರಂಭದಲ್ಲಿ ಕಾವನ್ನು ಒಳಗೇ ಹಿಡಿದಿಡುತ್ತವೆ. ನಿಂಬೆರಸವಂತೂ ಬೇಡವೇ ಬೇಡ; ಅದು ಹತ್ತಿದ ಚರ್ಮಕ್ಕೆ ಬಿಸಿಲು ಬಿದ್ದರೆ ಹೊಸ ಸುಟ್ಟ ಗಾಯವೇ ಆದೀತು. ನೋವಿಗೆ ಪ್ಯಾರಾಸಿಟಮಾಲ್, ಕುಡಿಯಲು ನೀರು, ಮಜ್ಜಿಗೆ.

ಕೆಲವು ದಿನ ಕಳೆದ ಮೇಲೆ ಸಿಪ್ಪೆ ಏಳತೊಡಗುತ್ತದೆ. ಕೀಳುವ ಆಸೆಯಾದರೂ ತಡೆಯಿರಿ. ಕೆಳಗಿನ ಚರ್ಮ ಇನ್ನೂ ಎಳೆಯದು, ಹಸಿಯಾಗಿ ನೋಯುತ್ತದೆ. ಜೋತುಬಿದ್ದ ತುದಿಯನ್ನು ಶುಭ್ರ ಕತ್ತರಿಯಿಂದ ಕತ್ತರಿಸಿದರೆ ಸಾಕು. ಕಡಲೆಹಿಟ್ಟು ಹಚ್ಚಿ ತಿಕ್ಕಬೇಡಿ. ಸ್ನಾನದ ನಂತರ ಮಾಯಿಶ್ಚರೈಸರ್ ಹಚ್ಚಿ. ಕಾವು ಇಳಿದಿದ್ದರೆ ಈಗ ಕೊಬ್ಬರಿ ಎಣ್ಣೆಯೂ ಆದೀತು. ಗುಳ್ಳೆ ಎದ್ದಿದ್ದರೆ ಒಡೆಯಬೇಡಿ, ಅದರ ಪೊರೆಯೇ ಪಟ್ಟಿ.

ಗುಳ್ಳೆ ಬೆನ್ನ ತುಂಬ ಅಥವಾ ಮುಖದ ಮೇಲೆ ಎದ್ದರೆ, ಜ್ವರ, ನಡುಕ, ವಾಂತಿ ಬಂದರೆ, ದಿನ ಕಳೆದಂತೆ ನೋವು ಹೆಚ್ಚಿ ಕೀವು ಕಂಡರೆ, ಸುಟ್ಟದ್ದು ಹಸುಗೂಸಿಗಾದರೆ ವೈದ್ಯರಲ್ಲಿಗೆ ಹೋಗಿ. ಮಾತು ತಡವರಿಸಿದರೆ, ಎಚ್ಚರ ತಪ್ಪಿದರೆ ಅದು ಬಿಸಿಲಾಘಾತ ಇರಬಹುದು. ನೀರು ಸುರಿಯುತ್ತಲೇ 108ಕ್ಕೆ ಕರೆ ಮಾಡಿ. ಸ್ವಲ್ಪ ಬಿಸಿಲಿಗೇ ಸುಟ್ಟರೆ ನುಂಗುತ್ತಿರುವ ಗುಳಿಗೆಗಳನ್ನು ವೈದ್ಯರಿಗೆ ತೋರಿಸಿ. ಡಾಕ್ಸಿಸೈಕ್ಲಿನ್‌ನಂಥವು ಚರ್ಮವನ್ನು ಬಿಸಿಲಿಗೆ ಸೂಕ್ಷ್ಮವಾಗಿಸುತ್ತವೆ. ಎರಡೂ ಮುಂಗೈ, ಕತ್ತಿನ ಸುತ್ತ ಮತ್ತೆ ಮತ್ತೆ ಕಪ್ಪಾಗಿ ಸಿಪ್ಪೆ ಎದ್ದು ಭೇದಿಯೂ ಇದ್ದರೆ ಅದು ಪೆಲಾಗ್ರಾ, ಅಂದರೆ ನಯಾಸಿನ್ ಕೊರತೆ ಇರಬಹುದು. ಜೋಳವನ್ನೇ ನೆಚ್ಚಿದ ದಖ್ಖನ್ನಿನ ಬಡವರಲ್ಲಿ ಇದು ಹಿಂದೆ ಕಾಣುತ್ತಿತ್ತು. ಈಗ ವಿಪರೀತ ಕುಡಿಯುವವರಲ್ಲಿ ಕಾಣಿಸುತ್ತದೆ.

ಸುಟ್ಟ ಬೆನ್ನು ಮಾಗುವವರೆಗೆ ಹೊಲಕ್ಕೆ ಹೋಗಲೇಬೇಕಾದರೆ ಸೀರೆಯ ಮೇಲೆ ಗಂಡನ ತುಂಬುತೋಳಿನ ಅಂಗಿ ಹಾಕಿಕೊಳ್ಳಿ. ಬಗ್ಗಿದಾಗ ಅದು ಮೇಲೇರದಷ್ಟು ಉದ್ದವಿರಲಿ.