ಆರ್‌ಡಿ ಬಡ್ಡಿ: 720 ಅಲ್ಲ, 395 ಯಾಕೆ?

ತಿಂಗಳಿಗೆ 1,000 ರೂಪಾಯಿಯಂತೆ ಒಂದು ವರ್ಷ ಆರ್‌ಡಿ ಕಟ್ಟಿದ್ದೀರಿ, ಬಡ್ಡಿ ದರ ಶೇ. 6. 12,000ಕ್ಕೆ 720 ರೂಪಾಯಿ ಬಡ್ಡಿ ಬರಬೇಕೆಂದು ಲೆಕ್ಕ ಹಾಕುವವರೇ ಹೆಚ್ಚು. ಕೈಗೆ ಬರುವುದು ಸುಮಾರು 395. ಬ್ಯಾಂಕ್ ಮೋಸ ಮಾಡಿಲ್ಲ. ಮೊದಲ ಕಂತು ಮಾತ್ರ ಪೂರ್ತಿ 12 ತಿಂಗಳು ದುಡಿದು ಸುಮಾರು 61 ರೂಪಾಯಿ ತರುತ್ತದೆ. ಕೊನೆಯ ಕಂತು ಒಂದೇ ತಿಂಗಳಿದ್ದು 5 ರೂಪಾಯಿ ತರುತ್ತದೆ.

ಸಾಮಾನ್ಯವಾಗಿ ಚಕ್ರಬಡ್ಡಿ ಮೂರು ತಿಂಗಳಿಗೊಮ್ಮೆ ಸೇರುತ್ತದೆ. ಅಂದರೆ ಶೇ. 6ರ ಕಾಲುಭಾಗ, ಶೇ. 1.5, ಪ್ರತಿ ತ್ರೈಮಾಸಿಕದಲ್ಲಿ ಅಸಲಿಗೆ ಕೂಡಿ, ಮುಂದೆ ಅದಕ್ಕೂ ಬಡ್ಡಿ ಬೆಳೆಯುತ್ತದೆ. ಒಂದು ವರ್ಷದಲ್ಲಿ ಇದರ ಲಾಭ ನಗಣ್ಯ: ಸರಳ ಬಡ್ಡಿಯಾಗಿದ್ದರೂ 390 ಸಿಗುತ್ತಿತ್ತು. ಇದೇ ಕಂತನ್ನು ಐದು ವರ್ಷ ಕಟ್ಟಿದರೆ 60,000 ರೂಪಾಯಿ ಸುಮಾರು 70,064 ಆಗುತ್ತದೆ. ಸರಳ ಬಡ್ಡಿಗಿಂತ 900ಕ್ಕೂ ಹೆಚ್ಚು. ಚಕ್ರಬಡ್ಡಿಗೆ ಬೇಕಾದದ್ದು ಕಾಲ.

ಅವಧಿ ಮುಗಿದಾಗ ಕೊಡುವ ವಿವರಪಟ್ಟಿಯಲ್ಲಿ ಕೊನೆಯ ಮೊತ್ತವೊಂದೇ ಇದ್ದರೆ ಸಾಲದು. ಬಡ್ಡಿ ದರ, ಪ್ರತಿ ಕಂತು ಜಮೆಯಾದ ದಿನಾಂಕ, ಕಟ್ಟಿದ ಒಟ್ಟು ಹಣ, ಬಡ್ಡಿ ಇವು ಬೇರೆ ಬೇರೆಯಾಗಿ ಕಾಣಬೇಕು. ತಡವಾದ ಕಂತಿಗೆ ದಂಡ ಹಾಕಿದ್ದರೆ ಅದೂ, ಟಿಡಿಎಸ್ ಕಡಿತವಾಗಿದ್ದರೆ ಅದೂ ಪ್ರತ್ಯೇಕ ಸಾಲಿನಲ್ಲಿರಬೇಕು. ಹಲವರು ನೋಡದೆ ಬಿಡುವುದು ದಿನಾಂಕಗಳನ್ನೇ. ಉಳಿತಾಯ ಖಾತೆಯಲ್ಲಿ ಹಣವಿಲ್ಲದೆ ಒಂದು ತಿಂಗಳ ಕಂತು ಜಾರಿದ್ದರೆ ಮೊತ್ತ ನಿಮ್ಮ ಲೆಕ್ಕಕ್ಕಿಂತ ಕಡಿಮೆ ಬರುತ್ತದೆ. ಟಿಡಿಎಸ್ ಕಡಿತವಾಗಿದ್ದರೆ ಆ ಮೊತ್ತ ಆದಾಯ ತೆರಿಗೆ ಇಲಾಖೆಯ ನಿಮ್ಮ ದಾಖಲೆಯಲ್ಲೂ ಕಾಣಿಸಬೇಕು. ಇಲ್ಲವಾದರೆ ಶಾಖೆಯಲ್ಲಿ ವಿಚಾರಿಸಿ.