ಒಂದೇ ಪದ, ಪೂರ್ತಿ ಪ್ರಾರ್ಥನೆ: ಜಿಂಬಾಬ್ವೆ ಕ್ರಿಕೆಟಿಗರ ಹೆಸರಲ್ಲಿ ಏನಿದೆ?

ಟಟೆಂಡಾ ತೈಬು ನೆನಪಿದ್ದಾರಾ? ಜಿಂಬಾಬ್ವೆಯ ಆ ಪುಟ್ಟ ವಿಕೆಟ್ ಕೀಪರ್. 2004ರಲ್ಲಿ, 21 ತುಂಬುವ ಮೊದಲೇ ಟೆಸ್ಟ್ ತಂಡದ ನಾಯಕ ಆದವರು. ಅದೇ ದೇಶಕ್ಕೆ ಟಿನೊಟೆಂಡಾ ಮವೊಯೊ ಓಪನರ್ ಆಗಿದ್ದರು, ಟೆಂಡಾಯಿ ಚಟಾರಾ ಬೌಲರ್. ‘ಎಲ್ಲರ ಹೆಸರೂ ಒಂದೇ ಥರ ಇದೆಯಲ್ಲ ಗುರೂ’ ಅಂತ ಟಿವಿ ಮುಂದೆ ಕೂತು ನಾನೂ ನಕ್ಕಿದ್ದೆ. ಒಂದೇ ಥರ ಇರೋದು ನಿಜ. ಮೂರರಲ್ಲೂ ಇರುವುದು ಒಂದೇ ಕ್ರಿಯಾಪದ. ಶೋನಾ ಭಾಷೆಯಲ್ಲಿ ‘ಟೆಂಡಾ’ ಅಂದರೆ ಕೃತಜ್ಞತೆ ಹೇಳುವುದು.

ಕನ್ನಡದಲ್ಲಿ ‘ಬಂದೆವು’ ಅಂದರೆ ಸಾಕು, ಬಂದಿದ್ದು ನಾವು ಅಂತ ಗೊತ್ತಾಗುತ್ತೆ. ಯಾಕಂದ್ರೆ ‘ನಾವು’ ಪದದ ಬಾಲದಲ್ಲೇ ಕೂತಿದೆ. ಶೋನಾದಲ್ಲಿ ಅದು ತಲೆಯಲ್ಲಿ ಕೂರುತ್ತೆ. ಟಟೆಂಡಾ ಶುರುವಿನ ‘ಟ’ದಲ್ಲಿ ‘ನಾವು’ ಕೂಡ ಇದೆ, ಕೆಲಸ ಆಗಿಹೋಯ್ತು ಅನ್ನೋದೂ ಇದೆ. ಹಾಗಾಗಿ ಅರ್ಥ, ‘ನಾವು ಕೃತಜ್ಞತೆ ಹೇಳಿದ್ದೇವೆ’. ಟಿನೊಟೆಂಡಾ ಅಂದರೆ ‘ಹೇಳುತ್ತೇವೆ’, ಅದು ನಿಂತಿಲ್ಲ. ಟೆಂಡಾಯಿ ಅಂದಾಗ ದಿಕ್ಕೇ ಬೇರೆ: ‘ಕೃತಜ್ಞತೆ ಹೇಳಿರಿ’. ಅಂದರೆ ಮಗುವನ್ನು ಊಟಕ್ಕೆ ಕರೆದಾಗಲೆಲ್ಲ ಸುತ್ತ ಇರೋರಿಗೂ ಒಂದು ಮಾತು ಹೇಳಿದ ಹಾಗೆ.

ಗಮನಿಸಿ, ಯಾರಿಗೆ ಕೃತಜ್ಞತೆ ಅಂತ ಈ ಹೆಸರುಗಳಲ್ಲಿ ಇಲ್ಲ. ಅದು ದೇವರಿಗೆ ಅನ್ನೋದು ಸಾಮಾನ್ಯವಾಗಿ ಕೇಳುವವರಿಗೆ ಗೊತ್ತು. ಬಿಡಿಸಿ ಹೇಳಬೇಕು ಅನ್ನಿಸಿದವರು ಒಡೆಯ ಅನ್ನುವ ಅರ್ಥದ ‘ಇಶೆ’ ಸೇರಿಸಿ ಟಿನೊಟೆಂಡಾಯಿಶೆ ಅಂತ ಇಡುತ್ತಾರೆ. ಟಪಿವಾ ಅನ್ನೋ ಹೆಸರು ಇನ್ನೂ ಮೌನಿ: ‘ನಮಗೆ ಕೊಡಲಾಗಿದೆ’. ಕೊಟ್ಟವರು ಯಾರು, ಎಷ್ಟು ವರ್ಷ ಕಾದ ಮೇಲೆ ಸಿಕ್ಕ ಮಗು ಇದು, ಹೆಸರು ಹೇಳಲ್ಲ. ಅದನ್ನ ಮನೆಯವರನ್ನೇ ಕೇಳಬೇಕು. ಇನ್ನೊಂದು, ‘ಬಂದೆವು’ ಅನ್ನೋದರಲ್ಲಿ ಹೆಣ್ಣು ಗಂಡು ಇಲ್ಲ ಅಲ್ವಾ? ಇಲ್ಲೂ ಹಾಗೇ. ಟಪಿವಾ, ಟಟೆಂಡಾ, ಟೆಂಡಾಯಿ ಹುಡುಗರಿಗೂ ಇಡ್ತಾರೆ, ಹುಡುಗಿಯರಿಗೂ ಇಡ್ತಾರೆ.

ಎಲ್ಲಾ ಹೆಸರೂ ಖುಷಿಯದ್ದೇ ಅಂದುಕೊಳ್ಳಬೇಡಿ. ತ್ಸಿತ್ಸಿ ಡಂಗರೆಂಬ್ಗಾ 1988ರಲ್ಲಿ ಬರೆದ ‘ನರ್ವಸ್ ಕಂಡಿಷನ್ಸ್’ ಕಾದಂಬರಿಯ ನಾಯಕಿ ಟಂಬುಡ್ಜಾಯಿ. ಅಂದರೆ ‘ಕಾಟ ಕೊಡಿ’. ಅಣ್ಣನ ಹೆಸರು ನ್ಹಾಮೊ, ಕಷ್ಟ. ಹೆಣ್ಣುಮಕ್ಕಳು ಸಾಲಾಗಿ ಹುಟ್ಟಿದಾಗ ಸಾಕಮ್ಮ ಅಂತ ಇಟ್ಟ ನಮ್ಮ ಊರುಗಳಿಗೆ ಇದು ಅರ್ಥವಾಗದ್ದೇನಲ್ಲ.

ಈಗಿನ ವೇಗಿ ಬ್ಲೆಸಿಂಗ್ ಮುಜರಬಾನಿ ಹೆಸರು ಇಂಗ್ಲಿಷು, ಅಭ್ಯಾಸ ಮಾತ್ರ ಹಳೇದೇ. ಗಿವ್‌ಮೋರ್, ಲರ್ನ್‌ಮೋರ್ ಅನ್ನೋ ಹೆಸರುಗಳೂ ಅಲ್ಲಿವೆ. ಕಾಮೆಂಟ್‌ಗಳಲ್ಲಿ ಜನ ಗೇಲಿ ಮಾಡೋದು ಜಾಸ್ತಿ ಇವನ್ನೇ. ನನಗೆ ಅದಕ್ಕಿಂತ ಪೆಚ್ಚೆನಿಸೋದು ಹೆಸರು ತುಂಡಾದಾಗ. ಮವೊಯೊ ಅವರನ್ನ ಎಲ್ಲರೂ ‘ಟಿನೊ’ ಅಂತಲೇ ಕರೀತಿದ್ರು. ‘ಟಿನೊ’ ಅಂದರೆ ‘ನಾವು…’ ಅಷ್ಟೇ. ಕೃತಜ್ಞತೆ ಇದ್ದಿದ್ದು ಆಮೇಲಿನ ಭಾಗದಲ್ಲಿ.