ಬೆಲೆ ಏರುವಾಗ ಗೋದಾಮಿನಲ್ಲಿ ಕೂರುವ ಲಾಭ

2022ರ ಫೆಬ್ರುವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿತು. ನಮ್ಮ ದೇಶ ಹೊರಗಿನಿಂದ ತರಿಸುವ ಸೂರ್ಯಕಾಂತಿ ಎಣ್ಣೆಯ ಬಹುಪಾಲು ಬರುತ್ತಿದ್ದದ್ದು ಈ ಎರಡು ದೇಶಗಳಿಂದಲೇ. ಉಕ್ರೇನಿನ ಕಪ್ಪು ಸಮುದ್ರದ ಬಂದರುಗಳಲ್ಲಿ ಹಡಗುಗಳು ನಿಂತುಹೋದವು, ಇಲ್ಲಿ ಅಡುಗೆ ಎಣ್ಣೆಯ ಬೆಲೆ ಮೇಲಕ್ಕೆ ಜಿಗಿಯಿತು. ಅದೂ ಮಾರ್ಚ್‌ನಲ್ಲಿ, ವ್ಯಾಪಾರಿಗಳು ವರ್ಷದ ಲೆಕ್ಕ ಮುಗಿಸಿ ಗೋದಾಮಿನಲ್ಲಿ ಉಳಿದ ಮಾಲನ್ನು ಎಣಿಸುವ ತಿಂಗಳಲ್ಲಿ.

ಆಗ ಎಣ್ಣೆಯ ಸಗಟು ವ್ಯಾಪಾರಿಯ ಮುಂದೆ ಒಂದು ಪ್ರಶ್ನೆ ಬರುತ್ತದೆ. ಮಾರ್ಚ್ 31ರ ಸಂಜೆ ಉಳಿದಿರುವ ಟಿನ್‌ಗಳಿಗೆ ಯಾವ ಬೆಲೆ ಹಾಕಬೇಕು? ಜನವರಿಯಲ್ಲಿ ಕೊಂಡದ್ದೂ ಮಾರ್ಚ್‌ನಲ್ಲಿ ಕೊಂಡದ್ದೂ ಅದೇ ಎಣ್ಣೆ, ಅದೇ 15 ಕಿಲೋ ಟಿನ್. ಆದರೆ ಅಸಲು ಬೇರೆ ಬೇರೆ. ಈ ಪ್ರಶ್ನೆಗೆ ಕೊಡುವ ಉತ್ತರದ ಮೇಲೆ ಆ ವರ್ಷದ ಒಟ್ಟು ಲಾಭ ಎಷ್ಟೆಂಬುದು ನಿಂತಿದೆ.

ಲೆಕ್ಕದ ಸೂತ್ರ ಎಲ್ಲರಿಗೂ ಗೊತ್ತಿರುವಂಥದ್ದೇ. ವರ್ಷದ ಆರಂಭದ ದಾಸ್ತಾನಿಗೆ ಖರೀದಿಯನ್ನು ಕೂಡಿಸಿ, ಕೊನೆಯಲ್ಲಿ ಉಳಿದ ದಾಸ್ತಾನನ್ನು ಕಳೆದರೆ ಮಾರಿದ ಮಾಲಿನ ಅಸಲು ಸಿಗುತ್ತದೆ. ಮಾರಾಟದ ಹಣದಿಂದ ಈ ಅಸಲನ್ನು ಕಳೆದರೆ ಒಟ್ಟು ಲಾಭ. ಹಾಗಾಗಿ ಉಳಿದ ದಾಸ್ತಾನಿನ ಬೆಲೆ ಒಂದು ರೂಪಾಯಿ ಹೆಚ್ಚಾದರೆ ಒಟ್ಟು ಲಾಭವೂ ಒಂದು ರೂಪಾಯಿ ಹೆಚ್ಚಾಗುತ್ತದೆ.

ಒಂದೇ ಬಗೆಯ, ಒಂದರ ಬದಲು ಇನ್ನೊಂದನ್ನು ಕೊಡಬಹುದಾದ ಮಾಲಿಗೆ ನಮ್ಮಲ್ಲಿ ಒಪ್ಪಿತವಾದ ಮುಖ್ಯ ದಾರಿಗಳು ಎರಡು. ಮೊದಲನೆಯದು ಫಿಫೊ. ಮೊದಲು ಬಂದ ಮಾಲು ಮೊದಲು ಹೊರಟಿತು, ಉಳಿದದ್ದೆಲ್ಲ ಇತ್ತೀಚೆಗೆ ಬಂದದ್ದು ಎಂದು ಇಲ್ಲಿ ಭಾವಿಸುತ್ತೇವೆ. ಎರಡನೆಯದು ವೇಟೆಡ್ ಆವರೇಜ್, ಅಂದರೆ ಪ್ರಮಾಣಕ್ಕೆ ತಕ್ಕ ಸರಾಸರಿ. ಸಂಪಿನಲ್ಲಿ ಹಳೆಯ ನೀರಿಗೆ ಹೊಸ ನೀರು ಬೆರೆತ ಮೇಲೆ ಯಾವ ಬಿಂದಿಗೆಯಲ್ಲಿ ಯಾವ ನೀರು ಎಂದು ಹೇಳಲಾಗದು. ಹಾಗೆಯೇ ಇಲ್ಲಿ ಹಳೆಯ ಅಸಲೂ ಹೊಸ ಅಸಲೂ ಬೆರೆತು ಎಲ್ಲ ಟಿನ್‌ಗೂ ಒಂದೇ ಬೆಲೆ ಬೀಳುತ್ತದೆ. ಕೊನೆಗೆ ಬಂದದ್ದು ಮೊದಲು ಹೋಯಿತೆನ್ನುವ ಲಿಫೊ ಅಮೆರಿಕದಲ್ಲಿ ಈಗಲೂ ಚಾಲ್ತಿಯಲ್ಲಿದೆ, ಆದರೆ ಭಾರತದ ಲೆಕ್ಕಪತ್ರ ಮಾನದಂಡ ಅದನ್ನು ಒಪ್ಪುವುದಿಲ್ಲ.

ಮೂರು ತಿಂಗಳ ಲೆಕ್ಕ

ಸುಲಭವಾಗಲೆಂದು ದುಂಡಾಗಿಸಿದ ಅಂಕಿಗಳನ್ನು ಇಟ್ಟುಕೊಂಡು ಒಬ್ಬ ವ್ಯಾಪಾರಿಯ ಮೂರು ತಿಂಗಳನ್ನು ನೋಡೋಣ. ಜನವರಿ ಒಂದರಂದು ಅವರ ಬಳಿ ತಲಾ 2,000 ರೂಪಾಯಿ ಅಸಲಿನ 100 ಟಿನ್ ಇವೆ. ಫೆಬ್ರುವರಿ ಮೊದಲಲ್ಲಿ 2,200ರಂತೆ 100, ಮಾರ್ಚ್ ಮೊದಲಲ್ಲಿ 2,700ರಂತೆ ಇನ್ನೂ 100 ಟಿನ್ ಕೊಂಡರು. ಲಾರಿ ಬಾಡಿಗೆ, ಹಮಾಲಿ ಎಲ್ಲ ಈ ಅಸಲಿನಲ್ಲೇ ಸೇರಿದೆ. ವಾಪಸ್ ಸಿಗುವ ಜಿಎಸ್‌ಟಿ ಸೇರಿಲ್ಲ. ಅಲ್ಲಿಗೆ 300 ಟಿನ್, ಒಟ್ಟು ಅಸಲು 6,90,000 ರೂಪಾಯಿ.

ಮಾರಾಟ ಹೀಗಿದೆ: ಜನವರಿಯಲ್ಲಿ 2,100ರಂತೆ 75 ಟಿನ್, ಫೆಬ್ರುವರಿಯಲ್ಲಿ 2,340ರಂತೆ 75, ಮಾರ್ಚ್‌ನಲ್ಲಿ 2,940ರಂತೆ 50. ಒಟ್ಟು 200 ಟಿನ್‌ಗೆ ಬಂದ ಹಣ 4,80,000. ತಿಂಗಳ ಕೊನೆಗೆ ಉಳಿದದ್ದು 100 ಟಿನ್.

ಫಿಫೊ ಪ್ರಕಾರ ಉಳಿದ 100 ಟಿನ್ ಮಾರ್ಚ್‌ನವು. ಅವುಗಳ ಬೆಲೆ 2,70,000, ಮಾರಿದ ಮಾಲಿನ ಅಸಲು 4,20,000, ಒಟ್ಟು ಲಾಭ 60,000.

ಮೂರು ತಿಂಗಳಿಗೂ ಸೇರಿಸಿ ಒಮ್ಮೆಲೇ ಸರಾಸರಿ ಹಾಕಿದರೆ 6,90,000ವನ್ನು 300ರಿಂದ ಭಾಗಿಸಬೇಕು. ಟಿನ್‌ಗೆ 2,300 ಬೀಳುತ್ತದೆ. ಉಳಿದ ದಾಸ್ತಾನು 2,30,000, ಮಾರಿದ್ದರ ಅಸಲು 4,60,000, ಒಟ್ಟು ಲಾಭ ಬರೀ 20,000.

ಸರಾಸರಿಯಲ್ಲೇ ಇನ್ನೊಂದು ಬಗೆಯಿದೆ. ಪ್ರತಿ ಖರೀದಿಯಾದಾಗಲೂ, ಆ ಹೊತ್ತಿಗೆ ಕೈಯಲ್ಲಿರುವ ಮಾಲಿಗೆ ಮಾತ್ರ ಹೊಸದಾಗಿ ಸರಾಸರಿ ಹಾಕುವುದು. ಜನವರಿಯಲ್ಲಿ 75 ಹೋಗಿ 25 ಟಿನ್ ಉಳಿದವು, ಅಸಲು 50,000. ಫೆಬ್ರುವರಿಯ 2,20,000 ಸೇರಿದಾಗ 125 ಟಿನ್‌ಗೆ 2,70,000, ಟಿನ್‌ಗೆ 2,160. ಅದರಲ್ಲಿ 75 ಹೋದವು, 50 ಟಿನ್ ಉಳಿದವು, ಅಸಲು 1,08,000. ಮಾರ್ಚ್‌ನ 2,70,000 ಸೇರಿದಾಗ 150 ಟಿನ್‌ಗೆ 3,78,000, ಟಿನ್‌ಗೆ 2,520. ಕೊನೆಯಲ್ಲಿ ಉಳಿದ 100 ಟಿನ್‌ಗೆ 2,52,000. ಒಟ್ಟು ಲಾಭ 42,000.

| ವಿಧಾನ | ಉಳಿದ ದಾಸ್ತಾನು | ಒಟ್ಟು ಲಾಭ |
|---|---|---|
| ಫಿಫೊ | 2,70,000 | 60,000 |
| ಖರೀದಿಗೊಮ್ಮೆ ಸರಾಸರಿ | 2,52,000 | 42,000 |
| ಕೊನೆಗೊಮ್ಮೆ ಸರಾಸರಿ | 2,30,000 | 20,000 |

ಅಂಗಡಿ ಒಂದೇ, ಮಾಲು ಒಂದೇ, ಗಿರಾಕಿ ಕೊಟ್ಟ ಹಣವೂ ಒಂದೇ. ಲಾಭ ಮಾತ್ರ ಮೂರು ಥರ. ಮಾರಾಟದ ಮೇಲಿನ ಶೇಕಡಾವಾರು ಲೆಕ್ಕದಲ್ಲಿ ಇದು 12.5ರಿಂದ ಸುಮಾರು 4.2ರವರೆಗೆ ಹರಡಿದೆ. ಬೆಲೆ ಏರುತ್ತಿರುವಾಗ ಹಳೆಯ ಅಗ್ಗದ ಅಸಲು ಇಂದಿನ ದುಬಾರಿ ಮಾರಾಟಕ್ಕೆ ಎದುರಾಗುವುದರಿಂದ ಫಿಫೊ ಲಾಭವನ್ನು ಹಿಗ್ಗಿಸುತ್ತದೆ. ಸರಾಸರಿ ಹೊಸ ಬೆಲೆಯ ಒಂದು ಪಾಲನ್ನು ಮಾರಿದ ಮಾಲಿನ ತಲೆಗೂ ಹಾಕುವುದರಿಂದ ಲಾಭವನ್ನು ತಗ್ಗಿಸುತ್ತದೆ.

ಲಾಭ ಇದ್ದರೆ ದುಡ್ಡೆಲ್ಲಿ?

ಲೆಕ್ಕ ಮುಗಿಸಿದ ಆಡಿಟರ್ ಮುಂದೆ ವ್ಯಾಪಾರಿಗಳು ಕೇಳುವ ಪ್ರಶ್ನೆ ಇದು: "ಸಾರ್, ಲಾಭ ಬಂದಿದೆ ಅಂತೀರಿ, ಕೈಯಲ್ಲಿ ದುಡ್ಡೇ ಇಲ್ಲವಲ್ಲ?" ನಮ್ಮ ಉದಾಹರಣೆಯಲ್ಲೇ ಇದಕ್ಕೆ ಉತ್ತರವಿದೆ. ಮಾರಾಟದಿಂದ ಬಂದದ್ದು 4,80,000. ಖರೀದಿಗೆ ಹೋದದ್ದು 4,90,000. ಅಂದರೆ ಮೂರು ತಿಂಗಳಲ್ಲಿ ಕೈಯಿಂದಲೇ 10,000 ಹೋಗಿದೆ. ಶುರುವಿನಲ್ಲಿ 100 ಟಿನ್ ಇತ್ತು, ಕೊನೆಯಲ್ಲೂ 100 ಟಿನ್ನೇ ಇದೆ. ಹಾಗಿದ್ದೂ ಫಿಫೊ ಪುಸ್ತಕ 60,000 ಲಾಭ ತೋರಿಸುತ್ತಿದೆ, ಏಕೆಂದರೆ ಆ 100 ಟಿನ್‌ಗಳ ಬೆಲೆ ಪುಸ್ತಕದಲ್ಲಿ 2 ಲಕ್ಷದಿಂದ 2.7 ಲಕ್ಷಕ್ಕೆ ಏರಿದೆ. ಆ ಲಾಭ ಗಲ್ಲಾಪೆಟ್ಟಿಗೆಯಲ್ಲಿಲ್ಲ, ಗೋದಾಮಿನಲ್ಲಿ ಟಿನ್‌ಗಳ ರೂಪದಲ್ಲಿದೆ.

ಆದರೆ ತೆರಿಗೆ ಕಟ್ಟಬೇಕಾದದ್ದು ಹಣದಲ್ಲಿ. ಶೇ 30ರ ದರದಲ್ಲಿ ಇಷ್ಟೇ ಲಾಭಕ್ಕೆ ನೋಡಿದರೂ ಫಿಫೊದಲ್ಲಿ 18,000, ಕೊನೆಗೊಮ್ಮೆ ಹಾಕುವ ಸರಾಸರಿಯಲ್ಲಿ 6,000. ಲಾಭ ಚೆನ್ನಾಗಿದೆಯೆಂದು ಮನೆ ಖರ್ಚಿಗೂ ಧಾರಾಳವಾಗಿ ಹಣ ತೆಗೆದರೆ, ಮುಂದಿನ ಲಾರಿ ಮಾಲಿಗೆ ದುಡ್ಡು ಸಾಲದು. ಫಿಫೊದ ಏರಿದ ದಾಸ್ತಾನು ತೋರಿಸಿದರೆ ಬ್ಯಾಂಕಿನ ಸಿಸಿ ಖಾತೆಯಲ್ಲಿ ತೆಗೆಯಬಹುದಾದ ಮಿತಿಯೂ ಏರಬಹುದು, ಕೊರತೆಯನ್ನು ಆ ಸಾಲ ತುಂಬಬಹುದು. ಆದರೆ ಅದಕ್ಕೆ ಬಡ್ಡಿಯಿದೆ.

ಹಾಗಾದರೆ ವ್ಯಾಪಾರಿ ತನ್ನ ದುಡಿಮೆಯಿಂದ ನಿಜವಾಗಿ ಗಳಿಸಿದ್ದೆಷ್ಟು? ಇದನ್ನು ತಿಳಿಯಲು ಒಂದು ಸರಳ ಪರೀಕ್ಷೆಯಿದೆ. ಪ್ರತಿ ತಿಂಗಳ ಮಾರಾಟಕ್ಕೆ ಆಯಾ ತಿಂಗಳ ಖರೀದಿ ಬೆಲೆಯನ್ನೇ ಎದುರಿಟ್ಟು ನೋಡಿ. ಜನವರಿಯಲ್ಲಿ ಟಿನ್‌ಗೆ 100ರಂತೆ 7,500, ಫೆಬ್ರುವರಿಯಲ್ಲಿ 140ರಂತೆ 10,500, ಮಾರ್ಚ್‌ನಲ್ಲಿ 240ರಂತೆ 12,000. ಒಟ್ಟು 30,000. ಇದು ಕೊಂಡು ಮಾರಿದ್ದರಿಂದ ಬಂದ ಅಂತರ. ಫಿಫೊ ತೋರಿಸಿದ 60,000ದಲ್ಲಿ ಉಳಿದ 30,000 ಅಗ್ಗದ ಮಾಲು ಕೈಯಲ್ಲಿದ್ದಾಗ ಬೆಲೆ ಏರಿದ್ದರಿಂದ ಬಂದದ್ದು. ಅದೂ ಲಾಭವೇ, ಆದರೆ ಬೆಲೆ ಏರುವುದು ನಿಂತರೆ ಅದೂ ನಿಲ್ಲುತ್ತದೆ.

ಹಾಗೆಂದು 20,000 ತೋರಿಸಿದ ಸರಾಸರಿಯೇ ಸತ್ಯಕ್ಕೆ ಹತ್ತಿರವೆಂದೂ ಹೇಳುವಂತಿಲ್ಲ. ಮೂರು ತಿಂಗಳನ್ನು ಒಟ್ಟಿಗೆ ಕಲಸಿದಾಗ ಮಾರ್ಚ್‌ನ 2,700ರ ಭಾರ ಜನವರಿಯಲ್ಲಿ ಮಾರಿದ ಟಿನ್‌ಗಳ ಮೇಲೂ ಬಿದ್ದಿದೆ. ಅವು ಮಾರಾಟವಾದಾಗ ಆ ಬೆಲೆ ಹುಟ್ಟಿಯೇ ಇರಲಿಲ್ಲ. ಮಾಲು ಬಂದಂತೆಲ್ಲ ಸರಾಸರಿ ಹಾಕುವ ವಿಧಾನದಲ್ಲಿ ಈ ದೋಷವಿಲ್ಲ.

ಮುಂದಿನ ತಿಂಗಳು ಏನಾಗುತ್ತದೆ

ಈ ವ್ಯತ್ಯಾಸ ಶಾಶ್ವತವಲ್ಲ. ಈ ವರ್ಷದ ಮುಕ್ತಾಯ ದಾಸ್ತಾನೇ ಮುಂದಿನ ವರ್ಷದ ಆರಂಭದ ದಾಸ್ತಾನು. ಉಳಿದ 100 ಟಿನ್ ಏಪ್ರಿಲ್‌ನಲ್ಲಿ 2,800ರಂತೆ ಮಾರಿಹೋದವೆನ್ನಿ. ಫಿಫೊದವರಿಗೆ ಅವುಗಳಿಂದ ಬರುವ ಲಾಭ 10,000, ಕೊನೆಗೊಮ್ಮೆ ಸರಾಸರಿ ಹಾಕಿದವರಿಗೆ 50,000. ಎರಡು ಅವಧಿ ಸೇರಿಸಿದರೆ ಇಬ್ಬರಿಗೂ 70,000. ವಿಧಾನ ಬದಲಿಸುವುದು ಲಾಭ ಯಾವ ವರ್ಷಕ್ಕೆ ಬೀಳುತ್ತದೆ ಎಂಬುದನ್ನು ಮಾತ್ರ. ಆದರೆ ಬೆಲೆ ವರ್ಷವರ್ಷವೂ ಏರುತ್ತಾ, ಗೋದಾಮು ಎಂದೂ ಖಾಲಿಯಾಗದಿದ್ದರೆ ಈ ಅಂತರ ಮುಂದಕ್ಕೆ ಹೋಗುತ್ತಲೇ ಇರುತ್ತದೆ.

ಬೆಲೆ ಇಳಿದಾಗ ಚಿತ್ರ ತಿರುಗುತ್ತದೆ. 2022ರ ಜೂನ್ ಹೊತ್ತಿಗೆ ಅಡುಗೆ ಎಣ್ಣೆ ಇಳಿಯತೊಡಗಿತು. ಮೇಲಿನ 100 ಟಿನ್ 2,500ಕ್ಕೆ ಹೋದರೆ ಫಿಫೊದವರಿಗೆ 20,000 ನಷ್ಟ, 2,300ರ ಅಸಲಿನವರಿಗೆ 20,000 ಲಾಭ. ಬೆಲೆ ಏರಿದಾಗ ಹಿಗ್ಗಿ ಕಾಣುವ ಲಾಭ ಇಳಿದಾಗ ಅಷ್ಟೇ ರಭಸವಾಗಿ ಕುಗ್ಗುತ್ತದೆ.

ಇಲ್ಲೊಂದು ಕಡಿವಾಣವಿದೆ. ದಾಸ್ತಾನಿಗೆ ಅಸಲು ಮತ್ತು ಮಾರಿದರೆ ಖರ್ಚು ಕಳೆದು ಕೈಗೆ ಬರುವ ಮೊತ್ತ, ಇವೆರಡರಲ್ಲಿ ಕಡಿಮೆಯಿರುವುದನ್ನೇ ಹಾಕಬೇಕು. ಮಾರ್ಚ್ 31ಕ್ಕೇ ಮಾರುಕಟ್ಟೆ ಕುಸಿದು ಟಿನ್‌ಗೆ 2,500 ಮಾತ್ರ ಸಿಗುವಂತಿದ್ದರೆ ಫಿಫೊದ 2,70,000 ನಿಲ್ಲದು, 2,50,000ಕ್ಕೆ ಇಳಿಸಲೇಬೇಕು. ಸರಾಸರಿಯ 2,30,000 ಹಾಗೆಯೇ ಇರುತ್ತದೆ.

ತಪ್ಪು ನುಸುಳುವ ಜಾಗ

ಸಾಮಾನ್ಯವಾಗಿ ಆಗುವ ತಪ್ಪೆಂದರೆ, ಉಳಿದ ಎಲ್ಲ ಮಾಲಿಗೂ ಕೊನೆಯ ಬಿಲ್ಲಿನ ಬೆಲೆ ಹಾಕಿ ಅದನ್ನೇ ಫಿಫೊ ಎನ್ನುವುದು. ನಮ್ಮ ಉದಾಹರಣೆಯಲ್ಲಿ ಉಳಿದದ್ದು ಸರಿಯಾಗಿ ಕೊನೆಯ ಖರೀದಿಯಷ್ಟೇ ಆದ್ದರಿಂದ ಎರಡೂ ಒಂದೇ ಆಯಿತು. 130 ಟಿನ್ ಉಳಿದಿದ್ದರೆ ಫಿಫೊದಲ್ಲಿ 100ಕ್ಕೆ 2,700, ಮಿಕ್ಕ 30ಕ್ಕೆ 2,200, ಒಟ್ಟು 3,36,000. ಎಲ್ಲಕ್ಕೂ 2,700 ಹಾಕಿದರೆ 3,51,000. ಇಲ್ಲದ 15,000 ಲಾಭ ಹುಟ್ಟಿಕೊಂಡಿತು. ಟ್ಯಾಲಿಯಲ್ಲಿ ಪ್ರತಿ ಐಟಂಗೂ `Costing Method` ಎಂಬ ಆಯ್ಕೆಯಿದೆ. ಅಲ್ಲಿ `FIFO`, `Avg. Cost` ಜೊತೆಗೆ `Last Purchase Cost` ಕೂಡ ಕಾಣುತ್ತದೆ. ತಮ್ಮ ಪುಸ್ತಕದಲ್ಲಿ ಯಾವುದು ಆಯ್ಕೆಯಾಗಿದೆಯೆಂದು ಒಮ್ಮೆ ತೆರೆದು ನೋಡಬೇಕು.

ಇನ್ನು, ಲಾಭ ಬೇಕಾದ ವರ್ಷ ಫಿಫೊ, ತೆರಿಗೆ ಉಳಿಸಬೇಕಾದ ವರ್ಷ ಸರಾಸರಿ ಎಂದು ಬದಲಿಸುತ್ತಾ ಹೋಗುವಂತಿಲ್ಲ. ಒಮ್ಮೆ ಹಿಡಿದ ವಿಧಾನವನ್ನು ವರ್ಷವರ್ಷವೂ ಪಾಲಿಸಬೇಕು. ಬದಲಿಸಲು ತಕ್ಕ ಕಾರಣವಿರಬೇಕು, ಅದರಿಂದ ಲಾಭದಲ್ಲಾದ ವ್ಯತ್ಯಾಸವನ್ನು ಲೆಕ್ಕಪತ್ರದಲ್ಲೇ ತಿಳಿಸಬೇಕು. ಎರಡು ಅಂಗಡಿಗಳ ಲಾಭದ ಶೇಕಡಾವಾರು ಹೋಲಿಸುವ ಮುನ್ನ ಇಬ್ಬರ ವಿಧಾನವೂ ಒಂದೇನಾ ಎಂದು ಕೇಳದಿದ್ದರೆ ಆ ಹೋಲಿಕೆಗೆ ಬೆಲೆಯಿಲ್ಲ.

ಯಾವ ವಿಧಾನ ಹಿಡಿದರೂ, ಬೆಲೆ ಏರುವ ವರ್ಷದಲ್ಲಿ ಲಾಭದ ಅಂಕಿಯ ಪಕ್ಕ ಇನ್ನೆರಡು ಅಂಕಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಆಯಾ ತಿಂಗಳ ಖರೀದಿ ಬೆಲೆಗೆ ಲೆಕ್ಕ ಹಾಕಿದ ಲಾಭ ಒಂದು, ಇಷ್ಟೇ ಮಾಲನ್ನು ಇಂದಿನ ಬೆಲೆಗೆ ಮತ್ತೆ ತುಂಬಲು ಬೇಕಾದ ಹಣ ಇನ್ನೊಂದು. ಮನೆಗೆ ತೆಗೆಯುವ ಹಣವನ್ನು ಮೊದಲನೆಯದರ ಮೇಲೆ ನಿರ್ಧರಿಸಿ, ಎರಡನೆಯದನ್ನು ಮುಟ್ಟದೆ ಇಟ್ಟವರ ಅಂಗಡಿಯಲ್ಲಿ ಬೆಲೆ ಇಳಿದ ಮೇಲೂ ಮಾಲಿರುತ್ತದೆ.